ಕಿಲ್ಲಾರಿ ಭೂಕಂಪ 29ರಂದೋ 30ರಂದೋ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ನೆಲ ನಡುಗಿತು. ಗಣೇಶನ ವಿಸರ್ಜನೆ ಮುಗಿಸಿ ಮಲಗಿದ್ದ ಜನ ಮನೆಗಳಡಿ ಸಿಲುಕಿದರು. ಆದರೆ ಅಂತರರಾಷ್ಟ್ರೀಯ ಭೂಕಂಪ ಪಟ್ಟಿಗಳಲ್ಲಿ 30ನೇ ತಾರೀಖಿನಡಿ ಹುಡುಕಿದರೆ ಆ ಭೂಕಂಪ ಸಿಗುವುದಿಲ್ಲ. ಸೆಕೆಂಡು ಬಿಟ್ಟರೆ ಅದರ ದಾಖಲೆ ಹೀಗಿರುತ್ತದೆ:

```
1993-09-29T22:25Z
```

ಮೊದಲು ವರ್ಷ, ತಿಂಗಳು, ದಿನ. ನಡುವಿನ T ತಾರೀಖು ಮುಗಿದು ಗಂಟೆ ಶುರುವಾಯಿತೆಂಬ ಗುರುತು, ಅಷ್ಟೇ. ಮುಖ್ಯವಾದದ್ದು ಕೊನೆಯ Z. ಈ ಸಮಯ ಯುಟಿಸಿಯದು, ಯಾವ ಊರಿನ ಗಡಿಯಾರದ್ದೂ ಅಲ್ಲ ಎಂದು ಅದು ಹೇಳುತ್ತದೆ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. 22:25ಕ್ಕೆ 5:30 ಕೂಡಿಸಿದರೆ 27:55. ಇಪ್ಪತ್ತನಾಲ್ಕನ್ನು ದಾಟಿತಲ್ಲ, 24 ಕಳೆದು ತಾರೀಖನ್ನು ಒಂದು ದಿನ ಮುಂದಕ್ಕೆ ಹಾಕಬೇಕು: 30ರ ಬೆಳಗಿನ ಜಾವ 3:55. ಗಂಟೆಯನ್ನು ಸರಿಪಡಿಸಿ ತಾರೀಖನ್ನು ಮರೆಯುವುದೇ ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟು. ಯುಟಿಸಿ 18:30 ದಾಟಿದ ಯಾವುದೇ ಘಟನೆ ನಮಗೆ ಮರುದಿನದ್ದು.

ಅದೇ ಕ್ಷಣವನ್ನು ಹೀಗೂ ಬರೆಯಬಹುದು:

```
1993-09-30T03:55+05:30
```

ಇಲ್ಲಿ +05:30 ಕಂಡ ಕೂಡಲೇ ಕೂಡಿಸಲು ಕೈ ಹೋಗುತ್ತದೆ. ಹೋಗಬಾರದು. ಎದುರಿಗಿರುವುದು ಆಗಲೇ ಭಾರತದ ಸಮಯ. ಅದು ಯುಟಿಸಿಗಿಂತ ಎಷ್ಟು ಮುಂದಿದೆ ಎಂಬುದನ್ನಷ್ಟೇ ಆ ಬಾಲ ತಿಳಿಸುತ್ತದೆ. ಯುಟಿಸಿ ಬೇಕಿದ್ದರೆ ಅದನ್ನು ಕಳೆಯಬೇಕು.

ಮೈನಸ್ ಇದ್ದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ಭೂಕಂಪವಾದದ್ದು 1994-01-17T04:30-08:00. ಲಾಸ್ ಏಂಜಲೀಸ್ ಎಂಟು ಗಂಟೆ ಹಿಂದಿರುವುದರಿಂದ 8 ಕೂಡಿಸಿದರೆ ಯುಟಿಸಿ 12:30. ಅದಕ್ಕೆ ಐದೂವರೆ ಸೇರಿಸಿದರೆ ನಮ್ಮಲ್ಲಿ ಅಂದೇ ಸಂಜೆ ಆರು. ಇದೇ ಜುಲೈನಲ್ಲಿ ನಡೆದಿದ್ದರೆ ಬಾಲ -07:00 ಆಗಿರುತ್ತಿತ್ತು, ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಊರಿನ ಹೆಸರು ನೋಡಿ ಊಹಿಸುವುದಕ್ಕಿಂತ ಬರೆದಿರುವ ಅಂಕಿಯನ್ನೇ ನಂಬುವುದು ಒಳ್ಳೆಯದು.

ಲಿನಕ್ಸ್ ಇರುವವರಿಗೆ ಒಂದೇ ಸಾಲು ಸಾಕು:

```
TZ=Asia/Kolkata date -d '1993-09-29T22:25Z'
```

ಬಾಲವೇ ಇಲ್ಲದ ಸಮಯ ಮಾತ್ರ ತಲೆನೋವು. ಸ್ಪ್ರೆಡ್‌ಶೀಟಿಗೆ ಅಂಟಿಸುವಾಗ Z ಉದುರಿಹೋದರೆ ಉಳಿದ 22:25 ಯಾವ ಊರಿನದ್ದೆಂದು ಅಂಕಿಯೇ ಹೇಳಲಾರದು. ಆಗ ನಿಜವಾದ ಹೊತ್ತು ಗೊತ್ತಿರುವ ಒಂದು ಘಟನೆಯನ್ನು ಅದೇ ಪಟ್ಟಿಯಲ್ಲಿ ಹುಡುಕಿ ಹೋಲಿಸಬೇಕು. ಪಟ್ಟಿಯ ಹೊತ್ತು ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಅದು ಯುಟಿಸಿ. ಐದೂವರೆ ಗಂಟೆ ಮುಂದಿದ್ದರೆ ಯಾರೋ ಎರಡು ಸಲ ಕೂಡಿಸಿದ್ದಾರೆ.