ಊರಿನ ಮಾರ್ಕಿಗೆ ಹೋಲಿಕೆಯ ಜಾಹೀರಾತನ್ನು ಬರೆಯುವ ಕ್ರಮ

ಕಡಲೆಕಾಯಿ ಬೆಳೆಯುವ ಪ್ರಾಂತಗಳಲ್ಲಿ ಹಿಡುವಳಿದಾರರು ಒಟ್ಟುಗೂಡಿ ಮರದ ಗಾಣವನ್ನು ಹೂಡಿ, ಎಣ್ಣೆಯನ್ನು ತಮ್ಮದೇ ಮಾರ್ಕಿನ ಡಬ್ಬಿಗಳಲ್ಲಿ ಮಾರುವುದು ಈಗ ಹಲವೆಡೆ ನಡೆಯುತ್ತಿದೆ. ಅಂಗಡಿಯಲ್ಲಿ ಈ ಡಬ್ಬಿಯು ದೇಶವೆಲ್ಲಾ ಹೆಸರಾದ ದೊಡ್ಡ ಮಾರ್ಕುಗಳ ಪಕ್ಕದಲ್ಲಿಯೇ ನಿಲ್ಲಬೇಕಾಗುತ್ತದೆ. ಆದುದರಿಂದ ಜಾಹೀರಾತಿನ ವಾಕ್ಯದಲ್ಲಿ ಹೋಲಿಕೆಯು ಹೇಗೂ ಬಂದೇ ಬರುತ್ತದೆ. ಆ ಹೋಲಿಕೆಯನ್ನು ಯಾರ ಹೆಸರನ್ನೂ ಎತ್ತದೆ, ಯಾರನ್ನೂ ಹಳಿಯದೆ ಮಾಡುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಹೆಸರನ್ನು ಬರೆಯದಿದ್ದರೆ ದೋಷವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಬಟ್ಟೆಗೆ ಹಾಕುವ ನೀಲಿಯ ವಿಷಯದಲ್ಲಿ 1999ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಒಂದು ವ್ಯಾಜ್ಯವು ಬಂದಿತು. ಜಾಹೀರಾತಿನಲ್ಲಿ ಎದುರಾಳಿಯ ಹೆಸರಿರಲಿಲ್ಲ; ಆದರೆ ತೋರಿಸಿದ ಸೀಸೆಯ ಆಕಾರದಿಂದ ಅದು ಯಾರದೆಂದು ನೋಡಿದವರಿಗೆ ತಿಳಿಯುವಂತಿತ್ತು. ನ್ಯಾಯಾಲಯವು ಅದನ್ನು ತಡೆಯಿತು. ವರ್ತಕನು ತನ್ನ ಸರಕನ್ನು ಶ್ರೇಷ್ಠವೆಂದು ಹೊಗಳಿಕೊಳ್ಳಬಹುದು, ಇತರರದಕ್ಕೆ ಹೋಲಿಸಲೂಬಹುದು, ಆದರೆ ಇತರರ ಸರಕು ಕೆಟ್ಟದ್ದೆಂದು ಹೇಳಕೂಡದೆಂಬುದು ಅಲ್ಲಿ ವಿವರಿಸಲ್ಪಟ್ಟ ತತ್ತ್ವ. 2004ರಲ್ಲಿ ದಿಲ್ಲಿಯ ಹೈಕೋರ್ಟು ಕೆಂಪು ಹಲ್ಲುಪುಡಿಯ ವಿಷಯದಲ್ಲಿ, ಒಬ್ಬರನ್ನೂ ಗುರುತಿಸದೆ ಆ ಜಾತಿಯ ಸರಕನ್ನೆಲ್ಲಾ ಹಳಿದರೂ ಅದು ಸಲ್ಲದೆಂದು ತೀರ್ಮಾನಿಸಿತು. ಹೀಗಿರುವಲ್ಲಿ "ಗಿರಣಿಯ ಎಣ್ಣೆ ವಿಷ, ನಮ್ಮದು ಅಮೃತ" ಎಂಬ ವಾಕ್ಯವು ಹೆಸರಿಲ್ಲದಿದ್ದರೂ ಸಂಘವನ್ನು ನ್ಯಾಯಾಲಯದ ಬಾಗಿಲಿಗೆ ಎಳೆಯಬಲ್ಲುದು.

ಇನ್ನು ಕೆಲವು ಮಾತುಗಳು ಹಳಿಯದೆಯೇ ದಾರಿತಪ್ಪಿಸುತ್ತವೆ. "ಕೊಲೆಸ್ಟರಾಲ್ ಇಲ್ಲದ ಎಣ್ಣೆ" ಎಂದರೆ ಇತರರದರಲ್ಲಿ ಅದು ಇದೆಯೆಂಬ ಭಾವನೆ ಹುಟ್ಟುತ್ತದೆ. ಆದರೆ ಸಸ್ಯಜನ್ಯವಾದ ಯಾವ ಎಣ್ಣೆಯೂ ಈ ವಿಷಯದಲ್ಲಿ ಮತ್ತೊಂದಕ್ಕಿಂತ ಮೇಲಲ್ಲ. "ತಾಜಾ" ಎಂಬುದೂ ಎಣ್ಣೆಗೆ ಒಪ್ಪುವುದಿಲ್ಲ. ಆಹಾರದ ಜಾಹೀರಾತುಗಳ ಬಗ್ಗೆ 2018ರಲ್ಲಿ ಹೊರಟ ನಿಯಮಗಳು ಆ ಪದವನ್ನು ತೊಳೆಯುವುದು, ಸುಲಿಯುವುದು, ಕತ್ತರಿಸುವುದು ಮುಂತಾದ ಅಲ್ಪ ಕ್ರಿಯೆಗಳನ್ನು ಬಿಟ್ಟು ಬೇರೆ ಸಂಸ್ಕಾರವಾಗದ ಪದಾರ್ಥಗಳಿಗೆ ಮೀಸಲಿಟ್ಟಿವೆ.

ಹಾಗಾದರೆ ಹೋಲಿಸತಕ್ಕದ್ದೇನು? ದೊಡ್ಡ ಗಿರಣಿಯು ಎಣ್ಣೆಯನ್ನು ಶುದ್ಧೀಕರಿಸಿ ಬಣ್ಣವನ್ನೂ ವಾಸನೆಯನ್ನೂ ತೆಗೆಯುವುದರಿಂದ ಎಲ್ಲೆಡೆಯೂ ಒಂದೇ ರೀತಿಯ ಸರಕು ದೊರೆಯುತ್ತದೆ. ಇದು ಅದರ ಗುಣವೇ ಹೊರತು ದೋಷವಲ್ಲ. ಗಾಣದ ಎಣ್ಣೆಯಲ್ಲಿ ಕಡಲೆಕಾಯಿಯ ವಾಸನೆ ಉಳಿಯುತ್ತದೆ, ತಳದಲ್ಲಿ ಸ್ವಲ್ಪ ಗಷ್ಟು ನಿಲ್ಲುವುದೂ ಉಂಟು. ನಾನಾ ಕಡೆಯ ಬೀಜವನ್ನು ಬೆರೆಸಿ ನಡೆಸುವ ಗಿರಣಿಗೆ, ಒಂದು ಡಬ್ಬಿಯ ಬೀಜ ಯಾವ ಊರಿನದೆಂದು ಹೇಳುವುದು ಕಷ್ಟ. ಹೋಬಳಿಯ ಗಾಣಕ್ಕೆ ಅದು ಸುಲಭ. ಹೋಲಿಕೆಯ ಬಲವಿರುವುದು ಇಲ್ಲಿಯೇ.

ಒಂದು ಸಂಘವು "ದೊಡ್ಡ ಹೆಸರಿನ ಎಣ್ಣೆಗೆ ಮೋಸಹೋಗಬೇಡಿ, ಶುದ್ಧವಾದ ನಮ್ಮ ಎಣ್ಣೆಯನ್ನೇ ಕೊಳ್ಳಿರಿ" ಎಂದು ಬರೆದಿದೆಯೆಂದು ಇಟ್ಟುಕೊಳ್ಳೋಣ. ಮೊದಲನೆಯ ಭಾಗ ನಿಂದೆ, ಎರಡನೆಯದಕ್ಕೆ ಆಧಾರವಿಲ್ಲ. ಇದನ್ನು ಹೀಗೆ ತಿದ್ದಬಹುದು: "ದೇಶಕ್ಕೆಲ್ಲಾ ಎಣ್ಣೆಯನ್ನೊದಗಿಸುವ ದೊಡ್ಡ ಹೆಸರುಗಳಿವೆ. ನಮ್ಮದು ಒಂದು ಹೋಬಳಿಯ ಗಾಣ. ಕಾಯಿ ಬೆಳೆದ ಊರೂ ಎಣ್ಣೆ ತೆಗೆದ ದಿನವೂ ಡಬ್ಬಿಯ ಮೇಲಿವೆ." ಮೊದಲನೆಯ ವಾಕ್ಯವು ದೊಡ್ಡವರಿಗೆ ಸಲ್ಲತಕ್ಕ ಮರ್ಯಾದೆಯನ್ನು ಸಲ್ಲಿಸುತ್ತದೆ. ಎರಡನೆಯದು ತನ್ನ ಸಣ್ಣತನವನ್ನು ಒಪ್ಪಿಕೊಳ್ಳುತ್ತದೆ. ಮೂರನೆಯದು ಆ ಸಣ್ಣತನದಿಂದ ಒದಗುವ ಲಾಭವನ್ನು, ಗಿರಾಕಿಯು ಕಣ್ಣಾರೆ ನೋಡುವಂತೆ, ಮುಂದಿಡುತ್ತದೆ. ಉಳಿದ ತೀರ್ಮಾನ ಗಿರಾಕಿಯದು.

ಅಚ್ಚಿಗೆ ಕೊಡುವ ಮುನ್ನ ವಾಕ್ಯವನ್ನು ಎರಡು ವಿಧವಾಗಿ ಪರೀಕ್ಷಿಸಬೇಕು. ಚಿತ್ರಸಹಿತವಾಗಿ ಅದನ್ನು ಹೊರಗಿನವನೊಬ್ಬನಿಗೆ ತೋರಿಸಿ, ಯಾವ ಮಾರ್ಕು ನೆನಪಿಗೆ ಬಂದಿತೆಂದು ಕೇಳಿರಿ. ಒಂದೇ ಹೆಸರು ಬಂದರೆ ಡಬ್ಬಿಯ ಬಣ್ಣವೋ ಆಕಾರವೋ ಬೆರಳು ಮಾಡಿ ತೋರಿಸುತ್ತಿದೆಯೆಂದು ತಿಳಿದು ಅದನ್ನು ಬದಲಾಯಿಸತಕ್ಕದ್ದು. ತರುವಾಯ, ಅದೇ ಮಾತನ್ನು ದೊಡ್ಡ ಗಿರಣಿಯೂ ಹೇಳಿಕೊಳ್ಳಬಹುದೇ ಎಂದು ಯೋಚಿಸಿರಿ. ಹೇಳಿಕೊಳ್ಳಬಹುದಾದರೆ, "ಉತ್ತಮ ದರ್ಜೆ" ಎಂಬಂತೆ, ಅದು ಬರಿಯ ಮಾತು.

ಕೊನೆಯದಾಗಿ, ಈ ವಾಕ್ಯವು ಗಾಣದ ರಿಜಿಸ್ಟರಿನ ಮೇಲೆ ನಿಂತಿದೆ. ಪ್ರತಿ ಸಲದ ಬೀಜ ಯಾವ ಊರಿನಿಂದ ಬಂದಿತು, ಎಷ್ಟು ಕಿಲೋ, ಎಣ್ಣೆ ತೆಗೆದ ದಿನ ಯಾವುದು, ಗಷ್ಟು ಇಳಿದ ಮೇಲೆ ಡಬ್ಬಿ ತುಂಬಿದ ದಿನ ಯಾವುದು ಎಂಬಿಷ್ಟನ್ನೂ ಬರೆದಿಟ್ಟು, ಅದೇ ಸಂಖ್ಯೆಯನ್ನು ಡಬ್ಬಿಯ ಮೇಲೂ ಹಾಕಬೇಕು. ಮುಂಗಾರಿನ ಕಾಯಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮನೆಗೆ ಬರುತ್ತದೆ. ಬೇಸಗೆಯ ಹೊತ್ತಿಗೆ ದಾಸ್ತಾನು ತೀರಿ, ಹೊರ ಜಿಲ್ಲೆಯ ಬೀಜವನ್ನು ಕೊಳ್ಳಬೇಕಾಗಿ ಬರಬಹುದು. ಆಗ ಹಳೆಯ ಚೀಟಿಯನ್ನೇ ಅಂಟಿಸಿದರೆ, ಯಾರನ್ನೂ ಹಳಿಯದ ವಾಕ್ಯವೂ ಸುಳ್ಳಾಗುತ್ತದೆ. ಅಂಥ ಬೀಜದ ಡಬ್ಬಿಗಳ ಮೇಲೆ ಅದು ಬಂದ ಊರನ್ನೇ ಬರೆಯತಕ್ಕದ್ದು. ಬರೆಯಲು ಮನಸ್ಸಿಲ್ಲದಿದ್ದರೆ ಹೊಸ ಕಾಯಿ ಬರುವವರೆಗೆ ಗಾಣವನ್ನು ನಿಲ್ಲಿಸತಕ್ಕದ್ದು.