ಹಳೇ ಸಾಲಕ್ಕೆ ಹೊಸ ಸಹಿ ಹಾಕುವ ಮುನ್ನ

ಹತ್ತು ಹನ್ನೆರಡು ವರ್ಷಗಳ ಹಿಂದಿನ ಸಾಲ. ಮನೆಯವರು ಅದನ್ನು ಮರೆತೇಬಿಟ್ಟಿರುತ್ತಾರೆ. ಆಗ ಫೋನ್ ಬರುತ್ತದೆ: "ನಿಮ್ಮ ಲೋನನ್ನು ಬ್ಯಾಂಕಿನವರು ನಮ್ಮ ಕಂಪನಿಗೆ ಮಾರಿದ್ದಾರೆ. ಬಡ್ಡಿ ಸೇರಿ ನಾಲ್ಕು ಲಕ್ಷ ಆಗಿದೆ. ಇವತ್ತು ಎರಡು ಸಾವಿರ ಹಾಕಿ, ಒಂದು ಲೆಟರ್‌ಗೆ ಸಹಿ ಮಾಡಿ, ಎಪ್ಪತ್ತು ಸಾವಿರಕ್ಕೆ ಸೆಟಲ್ ಮಾಡಿಸಿಕೊಡ್ತೀವಿ." ಕೇಳುವವರ ಗಮನವೆಲ್ಲ ಎರಡು ಸಾವಿರದ ಮೇಲಿರುತ್ತದೆ. ವಸೂಲಿಗಾರನಿಗೆ ಅದಕ್ಕಿಂತ ಹೆಚ್ಚು ಬೇಕಾಗಿರುವುದು ಆ ಸಹಿ.

ಯಾಕೆಂದು ತಿಳಿಯಬೇಕಾದರೆ 1963ರ ಕಾಲಪರಿಮಿತಿ ಅಧಿನಿಯಮದಿಂದ ಶುರು ಮಾಡಬೇಕು. ಕೈಸಾಲ, ಪ್ರಾಮಿಸರಿ ನೋಟು, ಅಡಮಾನವಿಲ್ಲದ ಬ್ಯಾಂಕ್ ಸಾಲ, ಇವುಗಳ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಗಡುವು. ಆಸ್ತಿ ಅಡವಿಟ್ಟ ಸಾಲಕ್ಕೆ ಹನ್ನೆರಡು ವರ್ಷ. ಗಡುವು ಮೀರಿದ ದಾವೆಯನ್ನು ಪ್ರತಿವಾದಿ ಆಕ್ಷೇಪಿಸದಿದ್ದರೂ ವಜಾ ಮಾಡಬೇಕೆಂದು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಆದರೆ ಗಡುವು ಮೀರಿದರೆ ಹೋಗುವುದು ಕೋರ್ಟಿನ ದಾರಿ ಮಾತ್ರ, ಸಾಲವಲ್ಲ. ಆದ್ದರಿಂದಲೇ ಫೋನ್ ಮಾಡಿ ಕೇಳುವುದು ತನ್ನಷ್ಟಕ್ಕೆ ಅಪರಾಧವಾಗುವುದಿಲ್ಲ. ಬ್ಯಾಂಕಿನಲ್ಲಿ ಭದ್ರತೆಗೆಂದು ಕೊಟ್ಟ ಠೇವಣಿ ಇದ್ದರೆ ಅದರಿಂದ ಹಳೇ ಬಾಕಿ ಮುರಿದುಕೊಳ್ಳಲೂ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿವಣ್ಣ ಎಂಬುವರು 2012ರ ಜನವರಿಯಲ್ಲಿ ಎರಡು ಲಕ್ಷ ವೈಯಕ್ತಿಕ ಸಾಲ ಪಡೆದರು. ಮೂವತ್ತಾರು ಕಂತು, ಕೊನೆಯದು 2015ರ ಜನವರಿಗೆ. 2013ರ ಮಾರ್ಚ್‌ವರೆಗೆ ಕಟ್ಟಿದರು, ಅಂಗಡಿ ಮುಚ್ಚಿದ ಮೇಲೆ ನಿಲ್ಲಿಸಿದರು. ಕಂತು ತಪ್ಪಿದಾಗಿನಿಂದ ಲೆಕ್ಕ ಹಿಡಿದರೆ ಗಡುವು 2016ರಲ್ಲಿ ಮುಗಿಯುತ್ತದೆ. ಸಾಲ ಕೊಟ್ಟವರಿಗೆ ಅನುಕೂಲವಾಗುವಂತೆ, ಕೊನೆಯ ಕಂತಿನ ದಿನದಿಂದ ಎಣಿಸಿದರೂ 2018ರ ಜನವರಿಗೆ ಮುಗಿಯಿತು. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಎಲ್ಲರ ಲೆಕ್ಕದಿಂದಲೂ ಬಿಟ್ಟಿತ್ತು. ಅದಕ್ಕೂ ಮೊದಲೇ ಮುಗಿದ ಗಡುವಿಗೆ ಅದರಿಂದ ಪ್ರಯೋಜನವಿಲ್ಲ. ಬ್ಯಾಂಕು ಸಾಲವನ್ನು ಬೇರೆ ಕಂಪನಿಗೆ ಮಾರಿದ್ದರಿಂದಲೂ ಹೊಸ ಗಡುವು ಹುಟ್ಟುವುದಿಲ್ಲ. ಕೊಂಡವರಿಗೆ ಬರುವುದು ಬ್ಯಾಂಕಿಗೆ ಎಷ್ಟು ಹಕ್ಕು ಉಳಿದಿತ್ತೋ ಅಷ್ಟೇ.

ಆದರೆ ಇಷ್ಟಕ್ಕೇ ನೆಮ್ಮದಿಯಾಗಿ ಕೂರುವಂತಿಲ್ಲ, ನಡುವೆ ಏನು ನಡೆದಿದೆ ಎನ್ನುವುದೂ ಮುಖ್ಯ. ಗಡುವಿನೊಳಗೆ ಶಿವಣ್ಣ "ಸ್ವಲ್ಪ ಸಮಯ ಕೊಡಿ" ಎಂದು ಸಹಿ ಮಾಡಿ ಪತ್ರ ಕೊಟ್ಟಿದ್ದರೆ, 18ನೇ ಸೆಕ್ಷನ್ ಪ್ರಕಾರ ಆ ದಿನದಿಂದ ಮತ್ತೆ ಮೂರು ವರ್ಷ. "ಸಾಲ ಪಡೆದದ್ದು ನಿಜ, ಆದರೆ ಕೊಡುವುದಿಲ್ಲ" ಎಂದು ಬರೆದಿದ್ದರೂ ಅದು ಒಪ್ಪಿಗೆಯೇ. ಗಡುವಿನೊಳಗೆ ಹಣ ಕಟ್ಟಿ, ಕಟ್ಟಿದ್ದಕ್ಕೆ ಕೈಬರಹವೋ ಸಹಿಯೋ ಇದ್ದರೂ ಹೀಗೆಯೇ. ಆದ್ದರಿಂದ ಕೊನೆಯ ಸಹಿ ಯಾವಾಗ, ಕೊನೆಯ ಪಾವತಿ ಯಾವಾಗ ಎಂಬ ಎರಡು ತಾರೀಕು ಗೊತ್ತಿಲ್ಲದೆ "ಇದು ಅವಧಿ ಮೀರಿದ ಸಾಲ" ಎಂದು ಯಾರೂ ಹೇಳಲಾಗದು.

ಗಡುವು ಮುಗಿದ ಮೇಲೆ ಕಾನೂನು ಬದಲಾಗುತ್ತದೆ, ಜನ ಮೋಸಹೋಗುವುದೂ ಇಲ್ಲಿಯೇ. ಆಗ ಬರೀ ಒಪ್ಪಿಗೆಯಿಂದ ಸಾಲಕ್ಕೆ ಜೀವ ಬರುವುದಿಲ್ಲ. ಎರಡು ಸಾವಿರ ಹಾಕಿದ ಮಾತ್ರಕ್ಕೂ ಬರುವುದಿಲ್ಲ. ಆದರೆ 1872ರ ಕರಾರು ಅಧಿನಿಯಮದ 25ನೇ ಸೆಕ್ಷನ್‌ನ ಮೂರನೇ ಉಪವಿಧಿ ಬೇರೊಂದು ಬಾಗಿಲು ತೆರೆದಿಟ್ಟಿದೆ. ಅವಧಿ ಮೀರಿದ ಸಾಲವನ್ನು ಪೂರ್ತಿಯಾಗಿಯೋ ಭಾಗಶಃವೋ ತೀರಿಸುತ್ತೇನೆಂದು ಬರೆದು ಸಹಿ ಮಾಡಿಕೊಟ್ಟರೆ ಅದು ಹೊಸ ಕರಾರು, ಅದರ ಮೇಲೆ ದಾವೆ ಹೂಡಬಹುದು. "ಸೆಟಲ್‌ಮೆಂಟ್ ಲೆಟರ್" ಎನ್ನುವುದರಲ್ಲಿ ಇರುವುದು ಸಾಮಾನ್ಯವಾಗಿ ಇಂಥ ವಾಕ್ಯವೇ. ಓಟಿಪಿ ಕೊಟ್ಟು ಮಾಡುವ ಆಧಾರ್ ಇ-ಸಹಿಯೂ ಸಹಿಯೇ. ಹೊಸ ಚೆಕ್ ಕೊಡುವುದು ಇನ್ನೂ ಅಪಾಯ: 2002ರಲ್ಲಿ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ, ಸಾಲ ಹಳೆಯದೆಂಬ ಕಾರಣಕ್ಕೆ ಚೆಕ್ ಬೌನ್ಸ್ ದೂರನ್ನು ಆರಂಭದಲ್ಲೇ ತಳ್ಳಿಹಾಕಿದ್ದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಿವಿಲ್ ಬಾಕಿಯಾಗಿದ್ದದ್ದು ಹೀಗೆ ಕ್ರಿಮಿನಲ್ ಕೋರ್ಟಿನ ಅಲೆದಾಟವಾಗುತ್ತದೆ.

ಹಾಗಾದರೆ ಶಿವಣ್ಣ ಏನು ಮಾಡಬೇಕು? ಫೋನಿನಲ್ಲಿ ಹೌದು ಅಲ್ಲ ಎಂದು ವಾದಿಸುವ ಅಗತ್ಯವಿಲ್ಲ. "ಏನಿದ್ದರೂ ಬರಹದಲ್ಲಿ ಕಳುಹಿಸಿ" ಎಂದು ಇಡಬೇಕು. ನಂತರ ಸ್ಪೀಡ್ ಪೋಸ್ಟ್‌ನಲ್ಲಿ ಚಿಕ್ಕದೊಂದು ಪತ್ರ ಕಳಿಸಬೇಕು. "ಯಾವ ಬಾಕಿಯನ್ನೂ ಒಪ್ಪಿಕೊಳ್ಳದೆ ಈ ಪತ್ರ ಬರೆಯುತ್ತಿದ್ದೇನೆ. ಸಾಲದ ಕರಾರು, ಪೂರ್ತಿ ಖಾತೆ ವಿವರ, ಕೊನೆಯ ಪಾವತಿಯ ದಿನಾಂಕ, ಸಾಲ ನಿಮಗೆ ವರ್ಗಾವಣೆಯಾದ ದಾಖಲೆ, ಯಾವುದಾದರೂ ದಾವೆ ಅಥವಾ ಡಿಕ್ರಿ ಇದ್ದರೆ ಅದರ ನಂಬರು ಕಳುಹಿಸಿ." ಇಷ್ಟು ಸಾಕು. ಕಷ್ಟ ತೋಡಿಕೊಳ್ಳುವುದು, ಮುಂದೆ ನೋಡೋಣ ಎನ್ನುವುದು ಅದರಲ್ಲಿ ಬೇಡ. ದಾಖಲೆಯನ್ನೇ ತೋರಿಸದೆ ದುಡ್ಡು ಕೇಳುವವರು ಆ ಸಾಲದ ಹಕ್ಕುದಾರರು ಎಂದು ನಂಬಲು ಆಧಾರವೇ ಇರುವುದಿಲ್ಲ.

ಡಿಕ್ರಿಯ ವಿಷಯ ಕೇಳಲೇಬೇಕು. ಬ್ಯಾಂಕು 2015ರಲ್ಲೇ ದಾವೆ ಹೂಡಿ, ಸಮನ್ಸು ಹಳೇ ವಿಳಾಸಕ್ಕೆ ಹೋಗಿ, 2017ರಲ್ಲಿ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಮೂರು ವರ್ಷದ ಲೆಕ್ಕವೇ ಅಪ್ರಸ್ತುತ. ಡಿಕ್ರಿಯ ಅಮಲ್ಜಾರಿಗೆ ಹನ್ನೆರಡು ವರ್ಷ ಅವಕಾಶವಿದೆ, ಅಂದರೆ 2029ರವರೆಗೆ. services.ecourts.gov.in ತಾಣದಲ್ಲಿ ಜಿಲ್ಲೆ ಆರಿಸಿ ತಮ್ಮ ಹೆಸರು ಹುಡುಕಿದರೆ ಕೇಸು ಇದೆಯೋ ಇಲ್ಲವೋ ನೋಡಬಹುದು. ಸಮನ್ಸು ಸರಿಯಾಗಿ ಜಾರಿಯಾಗದೆ ಡಿಕ್ರಿಯಾಗಿದ್ದರೆ, ವಿಷಯ ತಿಳಿದ ಮೂವತ್ತು ದಿನದೊಳಗೆ ಅದನ್ನು ರದ್ದುಪಡಿಸಲು ಅರ್ಜಿ ಹಾಕಬೇಕು.

ಈಗ ಹೊಸದಾಗಿ ಸಮನ್ಸು ಬಂದರೆ "ಹೇಗೂ ಅವಧಿ ಮೀರಿದೆ" ಎಂದು ಮನೆಯಲ್ಲಿ ಕೂರುವುದು ದೊಡ್ಡ ತಪ್ಪು. ಎದುರು ಪಕ್ಷದವರು ಯಾವುದೋ ಪತ್ರ ತೋರಿಸಿ ಗಡುವು ಇನ್ನೂ ಇದೆ ಎಂದರೆ ಅದನ್ನು ಪ್ರಶ್ನಿಸಲು ಅಲ್ಲಿ ಯಾರೂ ಇರುವುದಿಲ್ಲ. ಹಾಜರಾಗಿ, ಲಿಖಿತ ಹೇಳಿಕೆಯಲ್ಲಿ ತಾರೀಕುಗಳ ಸಮೇತ ಅವಧಿಯ ಆಕ್ಷೇಪ ಎತ್ತಬೇಕು. ವಕೀಲರ ಖರ್ಚಿಗೆ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ವರಮಾನದವರಿಗೆ ಅಲ್ಲಿ ಉಚಿತ ನೆರವಿದೆ.

ಲೋಕ ಅದಾಲತ್ ನೋಟಿಸು ಬೇರೆ. ದಾವೆ ಹೂಡುವ ಮೊದಲೇ ರಾಜಿಗೆ ಕರೆಯುವ ಕಾಗದ ಅದು. ಕೋರ್ಟಿನ ಮುದ್ರೆ ಕಂಡು ಎಷ್ಟೋ ಜನ ಹೆದರಿ ಹೋಗಿ, ಹೇಳಿದ ಕಡೆ ಸಹಿ ಮಾಡಿ ಬರುತ್ತಾರೆ. ಅಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ರಾಜಿಯಾಗಲೇಬೇಕೆಂಬ ಬಲವಂತವೂ ಇಲ್ಲ. ಇದನ್ನು ನೋಟಿಸಿನಲ್ಲೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಪಡೆದದ್ದನ್ನು ಹಿಂತಿರುಗಿಸದಿರುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕಷ್ಟಕ್ಕೆ ಕೈಸಾಲ ಕೊಟ್ಟ ನೆಂಟರಿಗೆ, ಗೆಳೆಯರಿಗೆ ಗಡುವಿನ ಕಾನೂನು ತೋರಿಸುವುದನ್ನು ನಾನು ಒಪ್ಪಲಾರೆ. ಹಳೇ ಬಾಕಿಗಳ ಪಟ್ಟಿಯನ್ನು ಕಟ್ಟುಕಟ್ಟಾಗಿ ಕೊಂಡು, ಬಡ್ಡಿಯ ಮೇಲೆ ಬಡ್ಡಿ ಬೆಳೆಸಿ ಮುದುಕರನ್ನು ಹೆದರಿಸುವವರ ಮಾತು ಬೇರೆ. ತೀರಿಸುವ ಶಕ್ತಿ, ಮನಸ್ಸು ಎರಡೂ ಇರುವವರು ಕಂತಿನ ಒಪ್ಪಂದಕ್ಕೆ ಸಿಕ್ಕಿಕೊಳ್ಳದೆ, ಒಂದೇ ಗಂಟು ಮೊತ್ತಕ್ಕೆ ಪೂರ್ತಿ ಚುಕ್ತಾ ಎಂದು ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಮೊದಲು ಬರೆಸಿಕೊಂಡು, ಬ್ಯಾಂಕ್ ಖಾತೆಯ ಮೂಲಕವೇ ಕಟ್ಟಲಿ. ಆಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಲಿ.

ಕಿರುಕುಳಕ್ಕೆ ಬೇರೆಯೇ ನಿಯಮವಿದೆ. ಬೆಳಿಗ್ಗೆ ಎಂಟಕ್ಕಿಂತ ಮೊದಲು, ಸಂಜೆ ಏಳರ ನಂತರ ವಸೂಲಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ಬೆದರಿಸುವುದು, ನೆಂಟರಿಷ್ಟರ ಮುಂದೆ ಮಾನ ಕಳೆಯುವುದು ಕೂಡ ನಿಷಿದ್ಧ. ಕರೆಗಳ ದಿನ, ಸಮಯ ಬರೆದಿಟ್ಟು ಮೊದಲು ಸಾಲ ಕೊಟ್ಟ ಸಂಸ್ಥೆಗೇ ದೂರು ಕೊಡಬೇಕು. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ, ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುವ ಸಂಸ್ಥೆಯ ಮೇಲೆ cms.rbi.org.in ನಲ್ಲಿ ದೂರು ದಾಖಲಿಸಬಹುದು. ಇದಕ್ಕೆ ಶುಲ್ಕವಿಲ್ಲ.