ಬಾಗಿಲಲ್ಲಿ ಕೈಹಿಡಿದ ಏಜೆಂಟ್

ಮೈಸೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜ್ ಇದೆ ಅಂದುಕೊಳ್ಳಿ. ಗಿರಾಕಿಯನ್ನು ಕರೆತಂದ ಏಜೆಂಟನಿಗೆ ತಲೆಗೆ 25 ರೂಪಾಯಿ ಕಮಿಷನ್. ಯಾರು ಕರೆತಂದರು ಎಂದು ತಿಳಿಯಲು ಮಾಲೀಕ ಒಂದೇ ನಿಯಮ ಇಟ್ಟಿದ್ದಾನೆ: ಬಂದವರ ಜೇಬಿನಲ್ಲಿ ಕೊನೆಗೆ ಯಾರ ಚೀಟಿ ಸೇರಿತ್ತೋ ಅವನಿಗೆ ದುಡ್ಡು. ಒಬ್ಬ ಏಜೆಂಟ್ ಬಸ್ಸಿನಿಂದ ಇಳಿದ ಪ್ರತಿಯೊಬ್ಬರ ಜೇಬಿಗೂ, ಅವರಿಗೆ ಗೊತ್ತಾಗದ ಹಾಗೆ, ಚೀಟಿ ತುರುಕುತ್ತಾನೆ. ಸಾವಿರದಲ್ಲಿ ಒಬ್ಬರೋ ಇಬ್ಬರೋ ತಾವಾಗಿಯೇ ಆ ಲಾಡ್ಜಿಗೆ ಹೋಗುವವರು ಇದ್ದೇ ಇರುತ್ತಾರೆ. ಇನ್ನೊಬ್ಬ ಅಷ್ಟು ಕಷ್ಟವನ್ನೂ ಪಡುವುದಿಲ್ಲ. ಲಾಡ್ಜಿನ ಬಾಗಿಲಲ್ಲೇ ನಿಂತಿದ್ದು, ಒಳಗೆ ಕಾಲಿಡುವವರ ಕೈಹಿಡಿದು ಚೀಟಿ ಕೊಡುತ್ತಾನೆ.

ಮೊಬೈಲ್ ಆ್ಯಪ್‌ಗಳ ಜಾಹೀರಾತು ಲೋಕದಲ್ಲಿ ನಡೆಯುವ ದೊಡ್ಡ ವಂಚನೆಗಳಲ್ಲಿ ಎರಡು ಇವೇ. ಮೊದಲನೆಯದನ್ನು ಕ್ಲಿಕ್ ಫ್ಲಡ್ಡಿಂಗ್ ಎನ್ನುತ್ತಾರೆ, ಎರಡನೆಯದನ್ನು ಕ್ಲಿಕ್ ಇಂಜೆಕ್ಷನ್. ಕ್ಲಿಕ್ ವಂಚನೆ ಎಂದರೆ ಬಾಟ್‌ಗಳು, ಸಾಲಾಗಿ ಜೋಡಿಸಿಟ್ಟ ನೂರಾರು ಫೋನ್‌ಗಳು ಎಂದೇ ಹಲವರ ಕಲ್ಪನೆ. ಅವೂ ಇವೆ. ಆದರೆ ಇಲ್ಲಿ ಆ್ಯಪ್ ಹಾಕಿಕೊಂಡವರು ನಿಜವಾದ ಮನುಷ್ಯರು, ಅದನ್ನು ನಿಜವಾಗಿ ಬಳಸುವವರು. ಕದ್ದದ್ದು ಅವರನ್ನು ಕರೆತಂದ ಶ್ರೇಯಸ್ಸನ್ನು. ಆದ್ದರಿಂದಲೇ ಇದು ಕಣ್ಣಿಗೆ ಬೀಳುವುದಿಲ್ಲ.

ಊಬರ್‌ಗೆ ಇದು ಗೊತ್ತಾದದ್ದು ಆಕಸ್ಮಿಕವಾಗಿ. ಬ್ರೈಟ್‌ಬಾರ್ಟ್ ಎಂಬ ಸುದ್ದಿತಾಣದಲ್ಲಿ ತನ್ನ ಜಾಹೀರಾತು ಬರಬಾರದು ಎಂದು ಹೇಳಿದ್ದರೂ ಅಲ್ಲಿ ಬರುತ್ತಿದೆ ಎಂಬ ದೂರುಗಳು ಕೇಳಿಬಂದವು. 2017ರಲ್ಲಿ ಕಂಪನಿ ಆ ಕ್ಯಾಂಪೇನನ್ನೇ ನಿಲ್ಲಿಸಿತು. ಇನ್‌ಸ್ಟಾಲ್‌ಗಳು ಕುಸಿಯಬೇಕಿತ್ತು, ಕುಸಿಯಲಿಲ್ಲ. ಆ ವರ್ಷವೇ ತನ್ನ ಏಜೆನ್ಸಿ ಫೆಚ್ ಮೀಡಿಯಾದ ಮೇಲೆ ಊಬರ್ ಮೊಕದ್ದಮೆ ಹೂಡಿತು. ಆಗ ಅಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಕೆವಿನ್ ಫ್ರಿಶ್ ಆಮೇಲೆ ಒಂದು ಪಾಡ್‌ಕಾಸ್ಟ್‌ನಲ್ಲಿ ಹೇಳಿದ ಪ್ರಕಾರ, ವರ್ಷದ 15 ಕೋಟಿ ಡಾಲರ್ ಖರ್ಚಿನಲ್ಲಿ 10 ಕೋಟಿಯಷ್ಟನ್ನು ನಿಲ್ಲಿಸಿದರೂ ಇನ್‌ಸ್ಟಾಲ್ ಸಂಖ್ಯೆಯಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ದುಡ್ಡು ಕೊಟ್ಟು ಬರುತ್ತಿದ್ದವರು ಎಂದುಕೊಂಡಿದ್ದವರೇ ಈಗ ‘ಆರ್ಗ್ಯಾನಿಕ್’ ಲೆಕ್ಕದಲ್ಲಿ, ಅಂದರೆ ತಾವಾಗಿ ಬಂದವರ ಪಟ್ಟಿಯಲ್ಲಿ, ಕಾಣಿಸಿಕೊಳ್ಳತೊಡಗಿದ್ದರು.

ಊಬರ್‌ನಷ್ಟು ದುಡ್ಡು ಎಲ್ಲರ ಬಳಿ ಇರುವುದಿಲ್ಲ, ಆದರೆ ಕಳ್ಳತನದ ಗುರುತು ಒಂದೇ. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಿ ಮಾಡಿಸುವ ಆ್ಯಪ್ ನಡೆಸುವ ಗೆಳೆಯನೊಬ್ಬನ ಲೆಕ್ಕವನ್ನು ನಾನು ಕೂತು ನೋಡಿದ್ದೇನೆ. ಒಂದು ಜಾಹೀರಾತು ನೆಟ್‌ವರ್ಕ್ ಜೊತೆ ಅವನ ಒಪ್ಪಂದ: ಇನ್‌ಸ್ಟಾಲ್ ಒಂದಕ್ಕೆ 25 ರೂಪಾಯಿ. ತಿಂಗಳ ಕೊನೆಗೆ 6,000 ಇನ್‌ಸ್ಟಾಲ್, 1,50,000 ರೂಪಾಯಿ ಬಿಲ್ಲು. ಅವನು ಖುಷಿಯಲ್ಲಿದ್ದ. ನನಗೆ ಅನುಮಾನ ಬಂದದ್ದು ಅವನು ನೋಡದೇ ಬಿಟ್ಟಿದ್ದ ಇನ್ನೊಂದು ಸಾಲಿನ ಮೇಲೆ. ಜಾಹೀರಾತು ಶುರುವಾಗುವ ಮೊದಲು ದಿನಕ್ಕೆ 90 ಜನ ತಾವಾಗಿಯೇ ಆ್ಯಪ್ ಹಾಕಿಕೊಳ್ಳುತ್ತಿದ್ದರು. ಜಾಹೀರಾತು ಓಡಿದ ತಿಂಗಳಲ್ಲಿ ಆ ಸಂಖ್ಯೆ 35ಕ್ಕೆ ಇಳಿದಿತ್ತು. ಹೆಸರು ಹೆಚ್ಚು ಜನರಿಗೆ ಮುಟ್ಟಿದಾಗ ತಾವಾಗಿ ಬರುವವರು ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ದಿನಕ್ಕೆ 55 ಜನ ಎಲ್ಲಿಗೆ ಹೋದರು?

ನೆಟ್‌ವರ್ಕ್ ಎಂದರೆ ಒಬ್ಬ ವ್ಯಾಪಾರಿಯಲ್ಲ. ಅದರ ಹಿಂದೆ ಹತ್ತಾರು ಪಬ್ಲಿಷರ್‌ಗಳು ಇರುತ್ತಾರೆ, ವರದಿಯಲ್ಲಿ ಅವರಿಗೆ ಬರೀ ನಂಬರ್. ಎಷ್ಟು ಇನ್‌ಸ್ಟಾಲ್ ಯಾರಿಂದ ಬಂತು ಎಂದು ಅಳೆಯಲು ಆ್ಯಪ್ಸ್‌ಫ್ಲೈಯರ್, ಅಡ್ಜಸ್ಟ್ ತರಹದ ಮೂರನೆಯವರ ಸಾಧನ ಇರುತ್ತದೆ. ಅಲ್ಲಿಂದ ಪ್ರತಿ ಇನ್‌ಸ್ಟಾಲ್‌ಗೂ ಒಂದೊಂದು ಸಾಲಿರುವ ಕಚ್ಚಾ ಫೈಲ್ ಇಳಿಸಿಕೊಂಡು, ಪಬ್ಲಿಷರ್ ನಂಬರ್ ಪ್ರಕಾರ ಎಕ್ಸೆಲ್‌ನಲ್ಲಿ ವಿಂಗಡಿಸಿದೆವು. ನಂಬರ್ 4471ರ ಹೆಸರಿನಲ್ಲಿ 11,40,000 ಕ್ಲಿಕ್, 1,710 ಇನ್‌ಸ್ಟಾಲ್. ಅಂದರೆ ಸಾವಿರ ಕ್ಲಿಕ್ಕಿಗೆ ಒಂದೂವರೆ. ಬೇರೆ ಪಬ್ಲಿಷರ್‌ಗಳಲ್ಲಿ ಸಾವಿರಕ್ಕೆ 30 ಇತ್ತು.

ಅಷ್ಟಕ್ಕೇ ಕಳ್ಳ ಎನ್ನಲಾಗದು. ಜಾಹೀರಾತು ಕೆಟ್ಟ ಜಾಗದಲ್ಲಿದ್ದರೂ ಹೀಗಾಗಬಹುದು. ಗುಟ್ಟು ಬಿಟ್ಟುಕೊಡುವುದು ಸಮಯ. ಕ್ಲಿಕ್ ಆದ ಹೊತ್ತಿಗೂ ಆ್ಯಪ್ ಮೊದಲ ಸಲ ತೆರೆದ ಹೊತ್ತಿಗೂ ನಡುವಿನ ಅಂತರ ನೋಡಬೇಕು. ನಿಜವಾಗಿ ಜಾಹೀರಾತು ನೋಡಿ ಒತ್ತಿದವರಲ್ಲಿ ಹೆಚ್ಚಿನವರು ಅದೇ ಗಂಟೆಯಲ್ಲಿ ಆ್ಯಪ್ ತೆರೆಯುತ್ತಾರೆ, ಆಮೇಲೆ ಸಂಖ್ಯೆ ಸರ್ರನೆ ಇಳಿಯುತ್ತದೆ. ಉಳಿದ ಪಬ್ಲಿಷರ್‌ಗಳಲ್ಲಿ ಮೂರನೇ ಎರಡು ಭಾಗ ಮೊದಲ ಗಂಟೆಯಲ್ಲೇ ಮುಗಿದಿತ್ತು. 4471ರಲ್ಲಿ ಕ್ಲಿಕ್ ಆದ ಮೊದಲ ದಿನ ತೆರೆದವರು 252, ಎರಡನೇ ದಿನ 247, ಮೂರನೇ ದಿನ 249, ಏಳನೇ ದಿನವೂ 238. ಇಳಿಜಾರೇ ಇಲ್ಲ, ಗದ್ದೆಯ ಹಾಗೆ ಸಪಾಟು. ಆ ಕ್ಲಿಕ್ಕಿಗೂ ಇನ್‌ಸ್ಟಾಲ್‌ಗೂ ಸಂಬಂಧವೇ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಎಂದೋ ಜೇಬಿಗೆ ಬಿದ್ದ ಚೀಟಿ, ಅವರು ಯಾವತ್ತೋ ತಮ್ಮ ಪಾಡಿಗೆ ಲಾಡ್ಜಿಗೆ ಬಂದರು. ಏಳು ದಿನಕ್ಕೆ ನಿಂತದ್ದೇಕೆಂದರೆ, ಕ್ಲಿಕ್ ಆದ ಏಳು ದಿನದೊಳಗೆ ಬಂದವರನ್ನು ಮಾತ್ರ ಆ ಪಬ್ಲಿಷರ್ ಲೆಕ್ಕಕ್ಕೆ ಹಾಕುವ ವ್ಯವಸ್ಥೆ ಅಲ್ಲಿತ್ತು.

ನಂಬರ್ 2093 ಬೇರೆ ಜಾತಿ. 900 ಇನ್‌ಸ್ಟಾಲ್, ಎಲ್ಲದರಲ್ಲೂ ಅಂತರ ಕೆಲವೇ ಸೆಕೆಂಡು. ಜಾಹೀರಾತು ಒತ್ತಿ, ಪ್ಲೇ ಸ್ಟೋರ್ ತೆರೆದು, ಆ್ಯಪ್ ಇಳಿಸಿ, ತೆರೆಯಲು ಧಾರವಾಡದ ನೆಟ್‌ನಲ್ಲಿ ಅಷ್ಟು ಹೊತ್ತು ಸಾಲದು. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತನ್ನದೇ ಗಡಿಯಾರದಿಂದ ಡೌನ್‌ಲೋಡ್ ಶುರುವಾದ ಹೊತ್ತನ್ನು ದಾಖಲಿಸುತ್ತದೆ. ಅದನ್ನು ಪಬ್ಲಿಷರ್ ತಿದ್ದಲಾಗದು. ಫೈಲಿನ ಒಂದು ಸಾಲು ಹೀಗಿತ್ತು:

```
gp_install_begin        21:14:08
attributed_touch_time   21:14:19
install_time            21:14:41
```

ಮೊದಲನೆಯದು ಡೌನ್‌ಲೋಡ್ ಶುರುವಾದ ಹೊತ್ತು, ಎರಡನೆಯದು ‘ಜಾಹೀರಾತು ಒತ್ತಿದ’ ಹೊತ್ತು, ಮೂರನೆಯದು ಆ್ಯಪ್ ತೆರೆದ ಹೊತ್ತು. ಡೌನ್‌ಲೋಡ್ ಶುರುವಾಗಿ ಹನ್ನೊಂದು ಸೆಕೆಂಡಾದ ಮೇಲೆ ಜಾಹೀರಾತು ಒತ್ತಿದ್ದಾರಂತೆ! ಮದುವೆ ಮುಗಿದ ಮೇಲೆ ಜಾತಕ ತಂದ ದಲ್ಲಾಳಿಯ ಕಥೆ. ಆ ಫೋನಿನಲ್ಲಿ ಮೊದಲೇ ಇದ್ದ ಯಾವುದೋ ಪುಕ್ಕಟೆ ಆ್ಯಪ್, ಟಾರ್ಚೋ ವಾಲ್‌ಪೇಪರೋ, ಹೊಸ ಆ್ಯಪ್ ಬಂದು ಕೂತ ಸುದ್ದಿಯನ್ನು ಆಂಡ್ರಾಯ್ಡ್‌ನಿಂದಲೇ ತಿಳಿದು, ತೆರೆಯುವ ಮುನ್ನ ನಕಲಿ ಕ್ಲಿಕ್ ಕಳಿಸಿರುತ್ತದೆ. ಇಂಥ ಸಾಲುಗಳು 900ರಲ್ಲಿ 640 ಇದ್ದವು. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಇಳಿಸಿದ ಆ್ಯಪ್‌ಗೆ ಮಾತ್ರ ಈ ಪರೀಕ್ಷೆ ನಡೆಯದು, ಗೂಗಲ್ ಗಡಿಯಾರ ಅಲ್ಲಿರುವುದಿಲ್ಲ.

ವಾಪಸಾತಿಯ ಮಾತು ಬಂದಾಗ ಈ ಎರಡು ಬಗೆಯ ಸಾಕ್ಷ್ಯದ ತೂಕ ಬೇರೆ ಬೇರೆ ಎಂದು ಗೊತ್ತಾಯಿತು. 640 ಸಾಲುಗಳ ಫೈಲ್ ಕಳಿಸಿದ ಎರಡೇ ದಿನಕ್ಕೆ ನೆಟ್‌ವರ್ಕ್‌ನವರು 16,000 ರೂಪಾಯಿ ಕಡಿತಕ್ಕೆ ಒಪ್ಪಿದರು. ಅಸಾಧ್ಯವಾದದ್ದನ್ನು ಸಮರ್ಥಿಸುವುದು ಹೇಗೆ? ಉಳಿದ 260ರಲ್ಲಿ ಕ್ಲಿಕ್ ಮೊದಲಿತ್ತು, ಅಂತರ ಮಾತ್ರ ಕಡಿಮೆ. ಅದಕ್ಕೆ ಒಪ್ಪಲಿಲ್ಲ. 4471ರ 42,750 ರೂಪಾಯಿಗೆ ಅವರ ಉತ್ತರ ಸಿದ್ಧವಾಗಿತ್ತು: “ಸರ್, ಜನ ಆ್ಯಡ್ ನೋಡ್ತಾರೆ, ನಾಲ್ಕು ದಿನ ಯೋಚನೆ ಮಾಡಿ ಆಮೇಲೆ ಹಾಕ್ಕೋತಾರೆ.” ಒಬ್ಬರ ವಿಷಯದಲ್ಲಿ ಅದು ನಿಜವೂ ಇರಬಹುದು, ಆದ್ದರಿಂದ ವಾದ ಅಲ್ಲೇ ನಿಂತಿತು. ಗೆಳೆಯ ಆಗ ಊಬರ್ ಮಾಡಿದ್ದನ್ನೇ ಚಿಕ್ಕದಾಗಿ ಮಾಡಿದ. 4471 ಒಂದನ್ನೇ ಹತ್ತು ದಿನ ನಿಲ್ಲಿಸಿದ. ತಾವಾಗಿ ಬರುವವರು 35ರಿಂದ 86ಕ್ಕೆ ಏರಿದರು. ಅವನು ಈ ಪರೀಕ್ಷೆ ಮುಗಿಸುವ ಹೊತ್ತಿಗೆ, ಬಿಲ್ಲಿನ ತಕರಾರು ತಿಂಗಳು ಮುಗಿದ 15 ದಿನದೊಳಗೆ ಬರಬೇಕು ಎಂಬ ಒಪ್ಪಂದದ ಗಡುವು ದಾಟಿತ್ತು. ಎಳೆದಾಡಿ ಅರ್ಧಕ್ಕೆ, 21,375ಕ್ಕೆ, ರಾಜಿಯಾಯಿತು. ಅದೂ ಆದದ್ದು ಬಿಲ್ಲಿನ ಅರ್ಧ, 75,000 ರೂಪಾಯಿ, ಅವನ ಕೈಯಲ್ಲೇ ಉಳಿದಿದ್ದರಿಂದ. ಪೂರ್ತಿ ಮುಂಗಡ ಕೊಟ್ಟವರ ಕಥೆ ಹೀಗಿರುವುದಿಲ್ಲ.

ಇದೇ ಗೆಳೆಯ ಗೂಗಲ್ ಆ್ಯಡ್ಸ್‌ನಲ್ಲಿ ಬ್ಯಾನರ್ ಜಾಹೀರಾತನ್ನೂ ಓಡಿಸಿದ್ದ, ಅಲ್ಲಿಯೂ ವಾಪಸ್ ಕೇಳಬೇಕೆಂದಿದ್ದ. ಅಲ್ಲಿನ ರೀತಿ ಬೇರೆ. ಗೂಗಲ್ ತಾನೇ ಅನುಮಾನದ ಕ್ಲಿಕ್‌ಗಳನ್ನು ಸೋಸುತ್ತದೆ. ವರದಿಯಲ್ಲಿ `Invalid clicks` ಎಂಬ ಕಾಲಂ ಸೇರಿಸಿಕೊಂಡರೆ ಎಷ್ಟು ಸೋಸಿತು ಎಂದು ಕಾಣುತ್ತದೆ, ಅವಕ್ಕೆ ದುಡ್ಡು ಹಿಡಿದಿರುವುದಿಲ್ಲ. ಆಮೇಲೆ ಪತ್ತೆಯಾದವುಗಳ ಹಣ ಖಾತೆಗೆ ಜಮೆಯಾಗುತ್ತದೆ. ಅದೂ ತಪ್ಪಿತು ಅನಿಸಿದರೆ ತನಿಖೆ ಕೋರುವ ಫಾರ್ಮ್ ಇದೆ, ಆದರೆ ಕಳೆದ 60 ದಿನಗಳ ಕ್ಲಿಕ್‌ಗಳಿಗೆ ಮಾತ್ರ. ಅದಕ್ಕೆ ನಿಮ್ಮ ವೆಬ್‌ಸೈಟ್ ಸರ್ವರ್‌ನ ದಾಖಲೆ ಬೇಕು: ದಿನ, ಹೊತ್ತು, ಐಪಿ ವಿಳಾಸ, ಮತ್ತು ಪ್ರತಿ ಕ್ಲಿಕ್ಕಿಗೆ ಗೂಗಲ್ ಅಂಟಿಸುವ `gclid` ಎಂಬ ಗುರುತು. ಒಂದೇ `gclid` ಹತ್ತು ಸಲ ಕಂಡರೆ ಹತ್ತು ಕ್ಲಿಕ್ಕಿನ ದುಡ್ಡು ಹೋಯಿತು ಎಂದು ಹಲವರು ಗಾಬರಿಯಾಗುತ್ತಾರೆ. ಅದು ಒಬ್ಬರೇ ಪುಟವನ್ನು ಹಿಂದೆಮುಂದೆ ಮಾಡಿದ್ದು, ದುಡ್ಡು ಹೋದದ್ದು ಒಮ್ಮೆ. ಬೇರೆ ಬೇರೆ `gclid`ಗಳು ಒಂದೇ ಐಪಿಯಿಂದ ನಿಮಿಷಕ್ಕೊಂದರಂತೆ ಬಂದಿದ್ದರೆ ಅದು ತೋರಿಸಬೇಕಾದ ಸಂಗತಿ.

ಗೆಳೆಯನ ಬ್ಯಾನರ್ ದುಡ್ಡಿನ ಬಹುಪಾಲು ಹೋಗಿದ್ದು ಮಾತ್ರ ಇಂಥದ್ದಕ್ಕಲ್ಲ. ಜಾಹೀರಾತು ಎಲ್ಲೆಲ್ಲಿ ಬಂತೆಂಬ ಪಟ್ಟಿ ತೆರೆದರೆ ಸಾಲುಸಾಲು ಮಕ್ಕಳ ಆಟಗಳು. ಕಾರು ಓಡಿಸುವ ನಾಲ್ಕು ವರ್ಷದ ಮಗು ಪಿಡಿಒ ಪರೀಕ್ಷೆಯ ಜಾಹೀರಾತನ್ನು ಒತ್ತಿ, ಎರಡು ಸೆಕೆಂಡಿಗೆ ವಾಪಸ್ ಹೋಗಿದೆ. ಅದರಲ್ಲಿ ಒಂದಿಷ್ಟು ಗೂಗಲ್‌ನ ಜರಡಿಗೆ ಸಿಕ್ಕಿರಬಹುದು. ಉಳಿದದ್ದು ವಂಚನೆಯಲ್ಲ, ವ್ಯರ್ಥ. ಅದಕ್ಕೆ ಫಾರ್ಮ್ ತುಂಬುವ ಬದಲು ಆ ಆ್ಯಪ್ ವರ್ಗಗಳನ್ನು ಕ್ಯಾಂಪೇನ್‌ನಿಂದ ಹೊರಗಿಡುವಂತೆ ಹೇಳಿದೆ.

ನೆಟ್‌ವರ್ಕ್‌ನಿಂದ ಬಂದ 37,375ರ ಕಡಿತ ಕಾಗದದ ಮೇಲೆ ಮುಗಿಯಲು ಇನ್ನೂ ಒಂದು ತಿಂಗಳು ಬೇಕಾಯಿತು. ಬಿಲ್ಲು ಪೂರ್ತಿ ಮೊತ್ತಕ್ಕೆ ಶೇ 18ರ ಜಿಎಸ್‌ಟಿ ಸೇರಿಸಿ ಮೊದಲೇ ಹೊರಬಿದ್ದಿತ್ತು, ಗೆಳೆಯನ ಲೆಕ್ಕಿಗ ಅಷ್ಟಕ್ಕೂ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದ. ನೆಟ್‌ವರ್ಕ್‌ನವರು ‘ಮುಂದಿನ ಬಿಲ್ಲಲ್ಲಿ ಹೊಂದಿಸೋಣ’ ಅಂದರು. ಲೆಕ್ಕಿಗ ಒಪ್ಪಲಿಲ್ಲ. ಕ್ರೆಡಿಟ್ ನೋಟ್ ಬರಲಿ, ಅದರಲ್ಲಿ 6,727 ರೂಪಾಯಿ 50 ಪೈಸೆ ತೆರಿಗೆ ನಮೂದಾಗಿರಲಿ, ನಾನು ಅಷ್ಟು ಕ್ರೆಡಿಟ್ ವಾಪಸ್ ಮಾಡುತ್ತೇನೆ ಎಂದು ಹಟ ಹಿಡಿದ. ನೋಟ್ ಬಂತು. ಆ ಹೊತ್ತಿಗೆ ಗೆಳೆಯ ಹೊಸ ಒಪ್ಪಂದದಲ್ಲಿ 15 ದಿನವನ್ನು ಹೊಡೆದುಹಾಕಿ 45 ಎಂದು ಕೈಯಲ್ಲಿ ಬರೆದಿದ್ದ.